ಎರಡು ಪಟ್ಟಿ, ಒಂದು ಪ್ಯಾಲೆಟ್: ರಾತ್ರಿ ಪಾಳಿಯಲ್ಲಿ ಕಾಣೆಯಾದ ಸರಕನ್ನು ಹುಡುಕಿದ ಬಗೆ

ರಾತ್ರಿ ಒಂದೂಕಾಲಿಗೆ ಸೂಪರ್‌ವೈಸರ್ ನನ್ನ ಮೇಜಿನ ಹತ್ತಿರ ಬಂದು ನಿಂತರು. ಕೈಯಲ್ಲಿ ಎರಡು ಹಾಳೆ.

"ಮೇಡಂ, 9ನೇ ಬಾಗಿಲಿನ ಲೋಡು ಆರು ಪ್ಯಾಲೆಟ್. ಲೇನ್‌ನಲ್ಲಿ ಇರೋದು ಐದೇ. ಸ್ಕ್ರೀನ್ ನೋಡಿದರೆ ಆರೂ ತೆಗೆದಾಗಿದೆ ಅಂತ ತೋರಿಸ್ತಿದೆ. ಈ ಎರಡು ಪಟ್ಟಿ ಒಂದಕ್ಕೊಂದು ತಾಳೆ ಆಗ್ತಿಲ್ಲ. ಲಾರಿ ನಾಲ್ಕೂವರೆಗೆ ಹೊರಡಬೇಕು."

ಪ್ಯಾಲೆಟ್ ಅಂದರೆ ಪೆಟ್ಟಿಗೆಗಳನ್ನು ಪೇರಿಸಿ ಒಟ್ಟಿಗೆ ಎತ್ತುವ ಹಲಗೆ. ಲೇನ್ ಅಂದರೆ ಲಾರಿಗೆ ಹತ್ತಿಸುವ ಮೊದಲು ಅವುಗಳನ್ನು ಇಳಿಸಿಡುವ ಜಾಗ. ಹಾಳೆಗಳನ್ನು ತೆಗೆದುಕೊಂಡೆ. ಒಂದು ಗೋದಾಮಿನ ಪಟ್ಟಿ. ಯಾವ ರ್ಯಾಕಿನ ಯಾವ ಜಾಗದಲ್ಲಿ ಎಷ್ಟಿದೆ ಅಂತ ಸ್ಕ್ಯಾನರ್‌ಗಳಿಂದ ತಿಳಿದುಕೊಳ್ಳುವ ಸಾಫ್ಟ್‌ವೇರ್‌ನಿಂದ ಬಂದದ್ದು. ಇನ್ನೊಂದು ಲೆಕ್ಕದ ಪಟ್ಟಿ. ಖರೀದಿ, ಮಾರಾಟ, ಬಿಲ್ಲು ಎಲ್ಲಾ ನೋಡಿಕೊಳ್ಳುವ ಕಡೆಯಿಂದ ಬಂದದ್ದು. ಅದಕ್ಕೆ ಜಾಗ ಗೊತ್ತಿಲ್ಲ, ಒಟ್ಟು ಮೊತ್ತ ಮಾತ್ರ ಗೊತ್ತು.

ಸರಕಿನ ಕೋಡ್ B-2207. ಒಂದು ಪೆಟ್ಟಿಗೆಯಲ್ಲಿ 12, ಒಂದು ಪ್ಯಾಲೆಟ್ಟಿನಲ್ಲಿ 40 ಪೆಟ್ಟಿಗೆ. ಅಂದರೆ ಪ್ಯಾಲೆಟ್ಟಿಗೆ 480. ಲೆಕ್ಕದ ಪಟ್ಟಿ 3,360 ಅನ್ನುತ್ತಿತ್ತು. ಗೋದಾಮಿನ ಪಟ್ಟಿ 2,640 ಅನ್ನುತ್ತಿತ್ತು. ವ್ಯತ್ಯಾಸ 720.

ಇಂಥ ದೋಷ ಯಾರಿಗಾದರೂ ಯಾವ ರಾತ್ರಿಯಾದರೂ ಎದುರಾಗಬಹುದು. ಅವತ್ತು ಏನು ಮಾಡಿದೆ, ಯಾವ ಕ್ರಮದಲ್ಲಿ ಮಾಡಿದೆ ಅನ್ನುವುದನ್ನು ಹಾಗೇ ಬರೆದಿಡುತ್ತಿದ್ದೇನೆ. ಕ್ರಮ ತಪ್ಪಿದ್ದರೆ ಆ ಪ್ಯಾಲೆಟ್ ಸಿಗುವ ಹೊತ್ತಿಗೆ ಲಾರಿ ಹೋಗಿರುತ್ತಿತ್ತು.

ಮೊದಲು ಎರಡೂ ಪಟ್ಟಿಯನ್ನು ಒಂದೇ ಗಳಿಗೆಗೆ ತರಬೇಕು

720 ಅನ್ನುವ ಸಂಖ್ಯೆಯನ್ನು ಸೂಪರ್‌ವೈಸರ್ ಆಗಲೇ ಯೋಚಿಸಿದ್ದರು. "ಒಂಬತ್ತರಿಂದ ಭಾಗ ಹೋಗುತ್ತೆ ನೋಡಿ. ಯಾರೋ ಅಂಕಿ ಹಿಂದೆ ಮುಂದೆ ಮಾಡಿ ಒತ್ತಿದ್ದಾರೆ" ಅಂದರು. ಆ ಮಾತು ಸುಳ್ಳಲ್ಲ. 36 ಅನ್ನು 63 ಅಂತ ಬರೆದರೆ ವ್ಯತ್ಯಾಸ 27. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. ಲೆಕ್ಕ ಬರೆಯುವವರು ತುಂಬಾ ಹಿಂದಿನಿಂದ ಬಳಸುವ ಪರೀಕ್ಷೆ ಇದು. ಆದರೆ ಇದು ತಿರುಗಿಸಿದರೆ ನಿಲ್ಲುವುದಿಲ್ಲ. 9ರಿಂದ ಭಾಗವಾಯಿತು ಅಂದ ಮಾತ್ರಕ್ಕೆ ಅಂಕಿ ಅದಲುಬದಲಾಗಿದೆ ಅಂತ ಅಲ್ಲ. ಅದಕ್ಕಿಂತ ಮುಖ್ಯವಾಗಿ, ವ್ಯತ್ಯಾಸವನ್ನೇ ನಾವಿನ್ನೂ ಸರಿಯಾಗಿ ತೆಗೆದಿರಲಿಲ್ಲ.

ಲೆಕ್ಕದ ಪಟ್ಟಿಯ ಮೇಲ್ಭಾಗದಲ್ಲಿ 01:12 ಅಂತ ಇತ್ತು. ಅದು ಹಾಳೆ ಪ್ರಿಂಟ್ ಆದ ಸಮಯ. ಕೆಳಗಡೆ ಮೂಲೆಯಲ್ಲಿ ಚಿಕ್ಕ ಅಕ್ಷರದಲ್ಲಿ ಇನ್ನೊಂದು ಸಮಯ ಇತ್ತು: 00:00. ಒಳಗಿನ ಸಂಖ್ಯೆಗಳು ಮಧ್ಯರಾತ್ರಿಯವು. ಗೋದಾಮಿನ ಪಟ್ಟಿ ಮಾತ್ರ 01:15ರ ತಾಜಾ ಪಟ್ಟಿ. ಎರಡರ ನಡುವೆ ಒಂದೂಕಾಲು ಗಂಟೆ ಅಂತರ. ಆ ಹೊತ್ತಿನಲ್ಲಿ ಗೋದಾಮು ಸುಮ್ಮನೆ ಕೂತಿರುವುದಿಲ್ಲ ಅಲ್ವಾ?

ಹಾಗಾಗಿ B-2207ರ ಚಲನೆಯ ದಾಖಲೆ ತೆಗೆದು, 00:00ರಿಂದ 01:15ರ ತನಕ ಹೊರಹೋದದ್ದು ಏನು ಅಂತ ನೋಡಿದೆ. ಒಂದೇ ಒಂದು ಇತ್ತು. 00:50ಕ್ಕೆ 20 ಪೆಟ್ಟಿಗೆ, ಅಂದರೆ 240, ಬೇರೊಂದು ಲಾರಿಗೆ ಹೋಗಿತ್ತು. ಒಳಗೆ ಬಂದದ್ದು ಏನೂ ಇರಲಿಲ್ಲ. ಗೋದಾಮಿನ ಪಟ್ಟಿಯನ್ನು ಮಧ್ಯರಾತ್ರಿಗೆ ಹಿಂದಕ್ಕೆ ಒಯ್ದರೆ 2,640ಕ್ಕೆ 240 ಸೇರಿ 2,880. ಈಗ ನಿಜವಾದ ವ್ಯತ್ಯಾಸ 3,360ರಲ್ಲಿ 2,880 ಕಳೆದರೆ 480.

ಈ 480 ನೋಡಿದ ಕೂಡಲೇ ಹುಡುಕಾಟದ ದಿಕ್ಕೇ ಬದಲಾಯಿತು. 720 ಅಂದರೆ ಒಂದೂವರೆ ಪ್ಯಾಲೆಟ್. ಅದನ್ನೇ ನಂಬಿದ್ದರೆ ಒಡೆದ ಪ್ಯಾಲೆಟ್, ತಪ್ಪು ಎಣಿಕೆ, ಪೆಟ್ಟಿಗೆ ಕಳವು ಅಂತೆಲ್ಲ ಹೊರಡುತ್ತಿದ್ದೆವು. 480 ಸರಿಯಾಗಿ ಒಂದು ಪ್ಯಾಲೆಟ್. 9ರಿಂದ ಭಾಗವೂ ಹೋಗುವುದಿಲ್ಲ. ಎಣಿಸುವಾಗ ಕೈತಪ್ಪಿದರೆ ಇಷ್ಟು ಕರಾರುವಾಕ್ಕಾದ ಸಂಖ್ಯೆ ಬರುವುದು ಅಪರೂಪ. ಒಂದು ಇಡೀ ಪ್ಯಾಲೆಟ್ಟಿನ ಒಂದು ಹೆಜ್ಜೆಯನ್ನು ಯಾವುದೋ ಒಂದು ಪಟ್ಟಿ ನೋಡಿಲ್ಲ, ಅಷ್ಟೇ.

ಯಾವ ಕಡೆ ಜಾಸ್ತಿ?

ಮುಂದಿನ ಪ್ರಶ್ನೆ ಇದು. ಗೋದಾಮಿನ ಪಟ್ಟಿಯಲ್ಲಿ ಜಾಸ್ತಿ ಇದ್ದಿದ್ದರೆ ನಾನು ಎರಡು ಸಾಫ್ಟ್‌ವೇರ್‌ಗಳ ನಡುವೆ ಓಡಾಡುವ ಸಂದೇಶಗಳ ಸಾಲನ್ನು ಮೊದಲು ತೆಗೆಯುತ್ತಿದ್ದೆ. ಸರಕು ಒಳಗೆ ಬಂದ ಸುದ್ದಿ ಲೆಕ್ಕದ ಕಡೆಗೆ ತಲುಪದೆ ಅಲ್ಲೇ ಸಿಕ್ಕಿಕೊಂಡಿರಬಹುದು. ಇಲ್ಲಿ ಲೆಕ್ಕದ ಕಡೆ ಜಾಸ್ತಿ. ಹಾಗಾದರೆ ಎರಡು ಸಾಧ್ಯತೆ. ಒಂದು, ಪ್ಯಾಲೆಟ್ ಹೊರಗೆ ಹೋಗಿದೆ, ಸುದ್ದಿ ಲೆಕ್ಕಕ್ಕೆ ಮುಟ್ಟಿಲ್ಲ. ಇನ್ನೊಂದು, ಪ್ಯಾಲೆಟ್ ಒಳಗೇ ಇದೆ, ಗೋದಾಮಿನ ಪಟ್ಟಿಗೆ ಕಾಣುತ್ತಿಲ್ಲ.

ಮೊದಲನೆಯದನ್ನು ಎರಡೇ ನಿಮಿಷದಲ್ಲಿ ಪಕ್ಕಕ್ಕಿಟ್ಟೆ. ಸಿಕ್ಕಿಕೊಂಡ ಸಂದೇಶಗಳ ಸಾಲು ಖಾಲಿ ಇತ್ತು. ಅವತ್ತು ಸಂಜೆಯಿಂದ ಲೋಡ್ ಆದ ಯಾವ ಲಾರಿಯಲ್ಲೂ 480ರ B-2207 ಸ್ಕ್ಯಾನ್ ಆಗಿರಲಿಲ್ಲ. ಸ್ಕ್ಯಾನ್ ಇಲ್ಲದೇ ಯಾರೋ ಹತ್ತಿಸಿಬಿಟ್ಟಿರಬಹುದು ಅನ್ನುವ ಅನುಮಾನ ಇದ್ದೇ ಇರುತ್ತದೆ. ಆದರೆ ಹಾಗೆ ಆಗಿದ್ದರೆ ಗೋದಾಮಿನ ಪಟ್ಟಿಯಲ್ಲೂ ಆ ಪ್ಯಾಲೆಟ್ ಇನ್ನೂ ತನ್ನ ಜಾಗದಲ್ಲೇ ಕಾಣಬೇಕಿತ್ತು. ಯಾವುದೋ ಸ್ಕ್ಯಾನ್ ಅದನ್ನು ಪಟ್ಟಿಯಿಂದ ತೆಗೆದಿದೆ. ಆ ಸ್ಕ್ಯಾನ್ ಯಾವುದು?

ಇಲ್ಲಿ ಸೂಪರ್‌ವೈಸರ್ ಹೇಳಿದ ಮಾತು ನೆನಪಾಯಿತು: ಸ್ಕ್ರೀನ್ ಆರೂ ತೆಗೆದಾಗಿದೆ ಅನ್ನುತ್ತಿದೆ. ಆರ್ಡರ್‌ನ ಪರದೆ ತೆರೆದೆ. ಅಲ್ಲಿ ಎರಡು ಕಾಲಂ ಇತ್ತು. `PICKED` ಕೆಳಗೆ 6. ಅದರ ಪಕ್ಕ `STAGED` ಕೆಳಗೆ 5. ಮೊದಲನೆಯದು ರ್ಯಾಕಿನಿಂದ ಎತ್ತಿದ ಲೆಕ್ಕ, ಎರಡನೆಯದು ಲೇನ್‌ನಲ್ಲಿ ಇಳಿಸಿದ ಲೆಕ್ಕ. ಅವರು ಮೊದಲನೆಯದನ್ನು ಮಾತ್ರ ನೋಡಿದ್ದರು. ದಿನವೂ ಎರಡೂ ಒಂದೇ ಇರುವುದರಿಂದ ಕಣ್ಣು ಅಲ್ಲೇ ನಿಲ್ಲುತ್ತದೆ, ಅದು ಸಹಜ.

ಎತ್ತಿದ್ದು ಆರು, ಇಳಿಸಿದ್ದು ಐದು. ಹಾಗಾದರೆ ಆರನೆಯದು ಈ ಎರಡರ ನಡುವೆ ಎಲ್ಲೋ ಇದೆ. ನಡುವೆ ಇರುವುದು ಫೋರ್ಕ್‌ಲಿಫ್ಟ್.

ಪಟ್ಟಿ ಏನನ್ನು ಬಿಟ್ಟಿದೆ ಅಂತ ಪಟ್ಟಿಯನ್ನೇ ಕೇಳಿ

ಗೋದಾಮಿನ ಸಾಫ್ಟ್‌ವೇರ್‌ಗೆ ಫೋರ್ಕ್‌ಲಿಫ್ಟ್ ಕೂಡ ಒಂದು ಜಾಗವೇ. ಡ್ರೈವರ್ ರ್ಯಾಕಿನಲ್ಲಿ ಸ್ಕ್ಯಾನ್ ಮಾಡಿದ ಕೂಡಲೇ ಸರಕು ರ್ಯಾಕಿನಿಂದ ಗಾಡಿಯ ಹೆಸರಿಗೆ ಬರುತ್ತದೆ. ಲೇನ್‌ನಲ್ಲಿ ಸ್ಕ್ಯಾನ್ ಮಾಡಿದಾಗ ಗಾಡಿಯಿಂದ ಲೇನ್‌ಗೆ ಹೋಗುತ್ತದೆ. ಸಾಮಾನ್ಯವಾಗಿ ಗಾಡಿಯ ಹೆಸರಿನಲ್ಲಿ ಕೆಲವು ನಿಮಿಷ ಇರುತ್ತದೆ, ಅಷ್ಟೇ. ಆದ್ದರಿಂದ ಪಟ್ಟಿ ತಯಾರಿಸಿದವರು ಗಾಡಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಪಟ್ಟಿ ತೆಗೆಯಲು ಡೇಟಾಬೇಸ್‌ಗೆ ಕೇಳುವ ಪ್ರಶ್ನೆಯನ್ನು ತೆರೆದು ನೋಡಿದರೆ ಹೀಗಿತ್ತು:

```sql
SELECT loc, SUM(qty)
FROM stock
WHERE sku = 'B-2207'
  AND loc_type IN ('RACK', 'LANE')
GROUP BY loc;
```

ಕೋಷ್ಟಕದ ಹೆಸರು ಒಂದೊಂದು ಕಡೆ ಒಂದೊಂದು ಇರುತ್ತದೆ. ನೋಡಬೇಕಾದದ್ದು `AND` ಇಂದ ಶುರುವಾಗುವ ಸಾಲು. ರ್ಯಾಕ್ ಮತ್ತು ಲೇನ್ ಬಿಟ್ಟು ಬೇರೆಲ್ಲ ಜಾಗವನ್ನೂ ಅದು ಕೈಬಿಡುತ್ತಿದೆ. ಆ ಒಂದು ಸಾಲು ತೆಗೆದು ಮತ್ತೆ ಓಡಿಸಿದೆ. ಮೂರು ಸಾಲು ಬಂತು:

```
R14-02-04    240
LANE09      2400
FORK11       480
```

ಒಟ್ಟು 3,120. ಲೆಕ್ಕದ ಪಟ್ಟಿಯ 3,360ರಿಂದ ಮಧ್ಯರಾತ್ರಿಯ ನಂತರ ಹೋದ 240 ಕಳೆದರೂ 3,120. ಎರಡೂ ಕಡೆಯ ಸಂಖ್ಯೆ ಕೂಡಿತು. ಲೆಕ್ಕದಲ್ಲಿ ಏನೂ ತಪ್ಪಿಲ್ಲ. ಸರಕು 11ನೇ ಗಾಡಿಯ ಹೆಸರಿನಲ್ಲಿ ಕೂತಿದೆ.

"ಹಾಗಾದ್ರೆ ಗಾಡಿ ಮೇಲೇ ಇದೆ" ಅಂತ ಸೂಪರ್‌ವೈಸರ್ ಎದ್ದರು. ಇಬ್ಬರೂ ಚಾರ್ಜಿಂಗ್ ಜಾಗಕ್ಕೆ ಹೋದೆವು. 11ನೇ ಗಾಡಿ ಚಾರ್ಜರ್‌ಗೆ ಸಿಕ್ಕಿಸಿ ನಿಂತಿತ್ತು. ಅದರ ಫೋರ್ಕ್ ನೆಲಕ್ಕೆ ತಾಗಿತ್ತು. ಮೇಲೆ ಏನೂ ಇರಲಿಲ್ಲ.

ಈ ಘಟ್ಟದಲ್ಲಿ ಜನ ಧೈರ್ಯ ಕಳೆದುಕೊಳ್ಳುತ್ತಾರೆ. ಸೂಪರ್‌ವೈಸರ್ ಕೂಡ "480 ಕಡಿಮೆ ಅಂತ ಹೊಂದಾಣಿಕೆ ಹಾಕಿಬಿಡಿ, ಐದೇ ಕಳಿಸೋಣ" ಅಂದರು. ನಾನು ಒಪ್ಪಲಿಲ್ಲ. ಯಾಕೆ ಅಂತ ಅವರಿಗೆ ಬಿಡಿಸಿ ಹೇಳಿದೆ. ಲೆಕ್ಕದಲ್ಲಿ 480 ಕಳೆದರೆ ಈಗ ಎರಡು ಪಟ್ಟಿಯೂ ಒಂದೇ ಹೇಳುತ್ತವೆ, ನಿಜ. ಆದರೆ ಬೆಳಿಗ್ಗೆ ಯಾರೋ 11ನೇ ಗಾಡಿ ಚಾಲೂ ಮಾಡುತ್ತಾರೆ. ಅದರ ಪರದೆ "ಈ ಪ್ಯಾಲೆಟ್ ಎಲ್ಲಿ ಇಳಿಸುತ್ತೀರಿ" ಅಂತ ಕೇಳುತ್ತದೆ. ಅವರು ಪ್ಯಾಲೆಟ್ ಹುಡುಕಿ ಇಳಿಸಿ ಸ್ಕ್ಯಾನ್ ಮಾಡುತ್ತಾರೆ. ಆಗ ಗೋದಾಮಿನ ಪಟ್ಟಿಯಲ್ಲಿ 480 ಏರುತ್ತದೆ, ಲೆಕ್ಕದಲ್ಲಿ ಇಲ್ಲ. ಅದೇ ವ್ಯತ್ಯಾಸ, ಈ ಸಲ ಉಲ್ಟಾ ದಿಕ್ಕಿನಲ್ಲಿ. ಅದನ್ನು ನೋಡುವವರಿಗೆ ನಮ್ಮ ಈ ರಾತ್ರಿಯ ಕತೆ ಗೊತ್ತಿರುವುದಿಲ್ಲ. ಅವರು ಮೊದಲಿನಿಂದ ಹುಡುಕಬೇಕು.

ರ್ಯಾಕಿನಲ್ಲಿ ಇನ್ನೊಂದು ತುಂಬಿದ ಪ್ಯಾಲೆಟ್ ಇದ್ದಿದ್ದರೆ, ಲಾರಿಗೆ ಹತ್ತೇ ನಿಮಿಷ ಉಳಿದಿದ್ದರೆ, ಅದನ್ನು ಕೊಟ್ಟು ಕಳಿಸಿ ಎಂದು ನಾನೇ ಹೇಳುತ್ತಿದ್ದೆ. ಹುಡುಕಾಟವನ್ನು ತೆರೆದಿಟ್ಟು ಆಮೇಲೆ ಮುಗಿಸಬಹುದು. ಇಲ್ಲಿ ಉಳಿದಿದ್ದದ್ದು ಅರ್ಧ ಪ್ಯಾಲೆಟ್, 240. ಬದಲಿ ಇರಲಿಲ್ಲ. ಸಮಯ ಮಾತ್ರ ಇತ್ತು.

ಸಮಯದಿಂದ ಜಾಗ ಕಂಡುಹಿಡಿಯುವುದು

ವಾಪಸ್ ಬಂದು 11ನೇ ಗಾಡಿಯ ಕೊನೆಯ ಸ್ಕ್ಯಾನ್‌ಗಳನ್ನು ತೆಗೆದೆ.

```
22:39  P-0417  R14-03-01 -> FORK11
22:45  P-0417  FORK11 -> LANE09
22:51  P-0418  R14-03-02 -> FORK11
```

ಆಮೇಲೆ ಏನೂ ಇಲ್ಲ. ಇರಬೇಕಾದ ನಾಲ್ಕನೇ ಸಾಲು ಇಲ್ಲ. ನಮಗೆ ಬೇಕಾದ ಪ್ಯಾಲೆಟ್ P-0418.

ಈ ಮೂರು ಸಾಲು ಇನ್ನೊಂದು ವಿಷಯವನ್ನೂ ಹೇಳುತ್ತವೆ. ರ್ಯಾಕುಗಳ 14ನೇ ಸಾಲಿನಿಂದ 9ನೇ ಲೇನ್‌ಗೆ ಹೋಗಲು ಆರು ನಿಮಿಷ, ವಾಪಸ್ ಬಂದು ಮತ್ತೆ ಎತ್ತಲು ಆರು ನಿಮಿಷ. ಹಿಂದಿನ ನಾಲ್ಕು ಪ್ಯಾಲೆಟ್ಟುಗಳಿಗೂ ಹೆಚ್ಚುಕಮ್ಮಿ ಅಷ್ಟೇ ಹಿಡಿದಿತ್ತು.

ಚಾರ್ಜಿಂಗ್ ಜಾಗದಲ್ಲಿ ಒಂದು ರಿಜಿಸ್ಟರ್ ದಾರದಿಂದ ಕಟ್ಟಿ ನೇತುಹಾಕಿರುತ್ತಾರೆ. ಗಾಡಿ ಸಿಕ್ಕಿಸಿದವರು ಗಾಡಿ ನಂಬರ್, ಸಮಯ, ಬ್ಯಾಟರಿ ಎಷ್ಟಿತ್ತು ಅಂತ ಪೆನ್ನಿನಲ್ಲಿ ಬರೆಯಬೇಕು. ಅವತ್ತು ಆ ಪುಸ್ತಕವೇ ಕೈಹಿಡಿಯಿತು. ನೀಲಿ ಶಾಯಿಯಲ್ಲಿ, ಸ್ವಲ್ಪ ಓರೆಯಾಗಿ: ಗಾಡಿ 11, 22:58, 20%.

22:51ಕ್ಕೆ ಎತ್ತಿ 22:58ಕ್ಕೆ ಚಾರ್ಜರ್‌ಗೆ ಸಿಕ್ಕಿಸಿದ್ದಾರೆ. ಏಳು ನಿಮಿಷ. ಲೇನ್‌ಗೆ ಹೋಗಲು ಆರು, ಲೇನ್‌ನಿಂದ ಚಾರ್ಜಿಂಗ್ ಜಾಗಕ್ಕೆ ಇನ್ನೊಂದು ನಾಲ್ಕು. ಹತ್ತು ನಿಮಿಷದ ದಾರಿ ಏಳು ನಿಮಿಷದಲ್ಲಿ ಆಗುವುದಿಲ್ಲ. ಅಂದರೆ ಗಾಡಿ ಲೇನ್ ತನಕ ಹೋಗಿಯೇ ಇಲ್ಲ. ಇಷ್ಟು ದೊಡ್ಡ ಗೋದಾಮಿನಲ್ಲಿ ಹುಡುಕಬೇಕಾದದ್ದು ಈಗ 14ನೇ ಸಾಲಿನ ಬಾಯಿಂದ ಚಾರ್ಜಿಂಗ್ ಜಾಗದ ತನಕ ಇರುವ ಒಂದು ದಾರಿ ಮಾತ್ರ.

20% ಅನ್ನುವುದು ಯಾಕೆ ಹೀಗಾಯಿತು ಅಂತಲೂ ಹೇಳಿತು. ಸೀಸ-ಆಮ್ಲದ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿದರೆ ಅದರ ಆಯಸ್ಸು ಕಡಿಮೆಯಾಗುತ್ತದೆ. ಅದಕ್ಕೇ ಎಷ್ಟೋ ಫೋರ್ಕ್‌ಲಿಫ್ಟುಗಳಲ್ಲಿ ಸುಮಾರು 20% ಉಳಿದಾಗ ಎತ್ತುವ ಕೆಲಸ ತಾನೇ ನಿಂತುಹೋಗುತ್ತದೆ. ಗಾಡಿ ನಿಧಾನಕ್ಕೆ ಓಡುತ್ತದೆ, ಇಳಿಸಲೂ ಬರುತ್ತದೆ, ಎತ್ತಲು ಬರುವುದಿಲ್ಲ. ಪಾಳಿ ಮುಗಿಯುವುದು 23:00ಕ್ಕೆ. ಆ ಡ್ರೈವರ್ ಬೇರೇನು ಮಾಡಬಹುದಿತ್ತು? ಪ್ಯಾಲೆಟ್ಟನ್ನು ಹತ್ತಿರದಲ್ಲೇ ಎಲ್ಲೋ ಇಳಿಸಿ, ಗಾಡಿಯನ್ನು ಚಾರ್ಜಿಗೆ ಹಾಕಿ ಹೋಗಿದ್ದಾರೆ. ಕೀ ತಿರುಗಿಸಿದ ಕೂಡಲೇ ಗಾಡಿಯ ಮೇಲಿನ ಸ್ಕ್ಯಾನರ್ ಪರದೆಯೂ ಆರಿಹೋಯಿತು. ಕೆಲಸ ಅರ್ಧಕ್ಕೆ ನಿಂತಿತು.

ಈ ಪಾಳಿಯ ಡ್ರೈವರ್ ಅಣ್ಣನನ್ನು ಕರೆದೆ. "ಅಣ್ಣ, ಪಾಳಿ ಬದಲಾಗುವಾಗ ಹಿಂದಿನವರು ಏನಾದರೂ ಹೇಳಿದ್ರಾ?"

"ಹೇಳಿದ್ರು ಮೇಡಂ. ಒಂದು ಪ್ಯಾಲೆಟ್ 9ಕ್ಕೆ ಹಾಕೋದಿದೆ ಅಂದ್ರು. ನಾನು 4ನೇ ಗಾಡಿ ಹತ್ತಿದೆ. ಸ್ಕ್ರೀನಲ್ಲಿ ಅಂಥಾ ಕೆಲಸ ಬರಲೇ ಇಲ್ಲ. ಯಾರೋ ಮಾಡಿದ್ದಾರೆ ಅಂದ್ಕೊಂಡೆ."

ಬರುವುದಾದರೂ ಹೇಗೆ? ಕೆಲಸ 11ನೇ ಗಾಡಿಯ ಹೆಸರಿನಲ್ಲಿತ್ತು. 4ನೇ ಗಾಡಿಗೆ ಅದು ಕಾಣುವುದೇ ಇಲ್ಲ. ಹಿಂದಿನವರು ಬಾಯಿಮಾತಿನಲ್ಲಿ ಸರಿಯಾಗಿಯೇ ಹೇಳಿದ್ದರು, ಇವರೂ ಕೇಳಿಸಿಕೊಂಡಿದ್ದರು. ಸಾಫ್ಟ್‌ವೇರ್ ಮಾತ್ರ ಆ ಕೆಲಸವನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಲಿಲ್ಲ. ಇಬ್ಬರಲ್ಲಿ ಯಾರ ಮೇಲೂ ತಪ್ಪು ಹೊರಿಸುವ ಹಾಗಿರಲಿಲ್ಲ. ಇದನ್ನು ವರದಿಯಲ್ಲೂ ಹಾಗೇ ಬರೆದೆ.

ಮೂವರೂ ಟಾರ್ಚ್ ಹಿಡಿದು ಆ ದಾರಿಯಲ್ಲಿ ನಡೆದೆವು. ಚಾರ್ಜಿಂಗ್ ಜಾಗದ ಬೇಲಿಯ ಪಕ್ಕ ಖಾಲಿ ಪ್ಯಾಲೆಟ್ಟುಗಳನ್ನು ಆಳೆತ್ತರಕ್ಕೆ ಪೇರಿಸಿಟ್ಟಿರುತ್ತಾರೆ. ಆ ರಾಶಿಗೂ ಬೇಲಿಗೂ ನಡುವೆ ಒಂದು ಗಾಡಿ ಹೋಗುವಷ್ಟು ಜಾಗ. ಅಲ್ಲಿ ಇತ್ತು. ಪ್ಲಾಸ್ಟಿಕ್ ಸುತ್ತಿದ್ದು ಹಾಗೇ ಇತ್ತು, ಒಂದು ಮೂಲೆಯೂ ಹರಿದಿರಲಿಲ್ಲ. ತುರ್ತು ಬಾಗಿಲಿನ ದಾರಿಗೆ ಅಡ್ಡ ಬರದಂತೆ ಆ ಡ್ರೈವರ್ ನೀಟಾಗಿ ಒಳಕ್ಕೆ ತಳ್ಳಿಟ್ಟಿದ್ದರು. ಆದ್ದರಿಂದಲೇ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಮ್ಮಲ್ಲಿ ಪ್ಯಾಲೆಟ್ಟಿಗೆ ಎದುರುಬದುರಿನ ಎರಡು ಮುಖಕ್ಕೆ ಲೇಬಲ್ ಅಂಟಿಸಿರುತ್ತಾರೆ. ಇಲ್ಲಿ ಒಂದು ಖಾಲಿ ರಾಶಿಯ ಕಡೆಗೆ, ಇನ್ನೊಂದು ಬೇಲಿಯ ಕಡೆಗೆ ತಿರುಗಿತ್ತು. ದಾರಿಯಲ್ಲಿ ಹೋಗುವವರಿಗೆ ಕಾಣುವುದು ಬರೀ ಪ್ಲಾಸ್ಟಿಕ್.

ಬೇಲಿಯ ಸಂದಿಯಲ್ಲಿ ಕೈ ತೂರಿಸಿ ಕೈ ಸ್ಕ್ಯಾನರ್ ಹಿಡಿದೆ. ಎರಡನೇ ಸಲಕ್ಕೆ ಬೀಪ್ ಅಂತು. P-0418.

ಸರಿಪಡಿಸಿದ್ದು

ಪ್ಯಾಲೆಟ್ ಸಿಕ್ಕಿತು ಅಂತ ಹಾಗೇ ಎತ್ತಿಕೊಂಡು ಹೋಗಿ ಲೇನ್‌ನಲ್ಲಿ ಇಡಬಾರದು. ಆಗ ಸರಕು ಲೇನ್‌ನಲ್ಲಿ, ಹೆಸರು ಗಾಡಿಯ ಮೇಲೆ. ಲಾರಿಗೆ ಹತ್ತಿಸುವಾಗ ಸ್ಕ್ಯಾನ್ ಒಪ್ಪುವುದಿಲ್ಲ. ಹೊಸದಾಗಿ 480 ಸೇರಿಸುವುದೂ ತಪ್ಪು, ಒಂದೇ ಪ್ಯಾಲೆಟ್ ಎರಡು ಕಡೆ ಕಾಣಿಸುತ್ತದೆ. ಸೂಪರ್‌ವೈಸರ್ ತಮ್ಮ ಲಾಗಿನ್‌ನಿಂದ ಆ ಅರ್ಧ ನಿಂತ ಕೆಲಸವನ್ನು 11ರಿಂದ 4ನೇ ಗಾಡಿಗೆ ವರ್ಗಾಯಿಸಿದರು. ಡ್ರೈವರ್ ಅಣ್ಣನ ಪರದೆಯಲ್ಲಿ ಕೂಡಲೇ ಬಂತು: P-0418, ಇಳಿಸುವ ಜಾಗ LANE09.

ಎತ್ತುವ ಮೊದಲು ಎಣಿಸಿದೆ. ಒಂದು ಪದರಕ್ಕೆ 8 ಪೆಟ್ಟಿಗೆ, ಐದು ಪದರ, 40. 02:36ಕ್ಕೆ ಲೇನ್‌ನಲ್ಲಿ ಇಳಿಸಿದ ಸ್ಕ್ಯಾನ್ ಬಿತ್ತು. ಆರ್ಡರ್ ಪರದೆಯಲ್ಲಿ `STAGED` 6 ಆಯಿತು. ಪಟ್ಟಿಯ ಹಳೆಯ ಪ್ರಶ್ನೆಯನ್ನೇ, ಆ `AND` ಸಾಲಿನ ಸಮೇತ, ಮತ್ತೆ ಓಡಿಸಿದೆ. ಒಟ್ಟು 3,120 ಬಂತು.

ಆಮೇಲೆ ಎರಡು ಬದಲಾವಣೆ ಕೇಳಿಕೊಂಡೆ. ಒಂದು, ಪಟ್ಟಿಯಲ್ಲಿ ಗಾಡಿಗಳೂ ಬರಬೇಕು. ಇನ್ನೊಂದು, ಪ್ರತಿ ಪಾಳಿ ಬದಲಾಗುವಾಗ ಈ ಪ್ರಶ್ನೆ ಓಡಿಸಿ, ಬಂದ ಸಾಲುಗಳನ್ನು ಮುಂದಿನ ಪಾಳಿಯವರಿಗೆ ಒಪ್ಪಿಸಬೇಕು:

```sql
SELECT loc, pallet, last_scan
FROM stock
WHERE loc_type = 'FORK'
ORDER BY last_scan;
```

ಕಾಲು ಗಂಟೆಗಿಂತ ಹಳೆಯ ಸಾಲು ಇದ್ದರೆ ಆ ಗಾಡಿಯ ಹತ್ತಿರ ಒಬ್ಬರು ನಡೆದು ಹೋಗಿ ನೋಡಬೇಕು. ಕಾಲು ಗಂಟೆ ಅನ್ನುವುದು ನಮ್ಮ ದಾರಿಗಳಿಗೆ ಸರಿಹೋಗುವ ಲೆಕ್ಕ. ಎತ್ತಿ ಇಳಿಸಲು ಆರು ನಿಮಿಷ ಹಿಡಿಯುವ ಕಡೆ ಅದರ ಎರಡೂವರೆ ಪಟ್ಟು ಇಟ್ಟರೆ ಸುಮ್ಮಸುಮ್ಮನೆ ಎಚ್ಚರಿಕೆ ಬರುವುದಿಲ್ಲ. ದಾರಿ ಉದ್ದ ಇರುವ ಕಡೆ ಜಾಸ್ತಿ ಬೇಕಾಗುತ್ತದೆ.

ಇದೇ ವಿಧಾನ ಎಲ್ಲ ಸಲವೂ ಪ್ಯಾಲೆಟ್ ತನಕ ಕರೆದುಕೊಂಡು ಹೋಗುವುದಿಲ್ಲ. ಸಮಯ ಸರಿಮಾಡಿದ ಮೇಲೂ ವ್ಯತ್ಯಾಸ 7, 31 ಅಂತ ಪೆಟ್ಟಿಗೆಗೂ ಹೊಂದದ ಸಂಖ್ಯೆಯಾಗಿ ಉಳಿದರೆ ಗಾಡಿಯ ಹತ್ತಿರ ಹೋಗಿ ಪ್ರಯೋಜನವಿಲ್ಲ, ಬಿಡಿ ಎಣಿಸುವ ಜಾಗಗಳನ್ನು ನೋಡಬೇಕು. ಒಂದೇ ಸರಕಿಗೆ ಒಂದು ಕಡೆಯ ಸಂಖ್ಯೆ ಇನ್ನೊಂದು ಕಡೆಯದರ ಸರಿಯಾಗಿ ಹನ್ನೆರಡು ಪಟ್ಟು ಇದ್ದರೆ ಯಾರೋ ಪೆಟ್ಟಿಗೆಯ ಸಂಖ್ಯೆಯನ್ನು ಬಿಡಿ ಸಂಖ್ಯೆ ಅಂತ ಹಾಕಿರಬಹುದು. ಗಾಡಿಯ ಕೊನೆಯ ಸ್ಕ್ಯಾನ್ ಮತ್ತು ಚಾರ್ಜಿಂಗ್ ಪುಸ್ತಕ, ಎರಡರಲ್ಲಿ ಒಂದು ಇಲ್ಲದಿದ್ದರೂ ದಾರಿ ಇಷ್ಟು ಚಿಕ್ಕದಾಗುವುದಿಲ್ಲ. ಆಗ ಇಡೀ ಗೋದಾಮು ನಡೆಯುವುದೇ ಗತಿ.

ಲಾರಿ 04:20ಕ್ಕೆ ಲೋಡ್ ಆಗಿ ಮುಗಿಯಿತು. ಆರು ಪ್ಯಾಲೆಟ್, 2,880. ಎರಡೂ ಕಡೆ ತಾಜಾ ಪಟ್ಟಿ ತೆಗೆದೆ, ಈ ಸಲ ಸಮಯ ನೋಡಿಕೊಂಡೇ. ಎರಡರಲ್ಲೂ 240. ಆದರೂ ಮನಸ್ಸು ತಡೆಯಲಿಲ್ಲ, 14ನೇ ಸಾಲಿಗೆ ಹೋಗಿ R14-02-04 ಮುಂದೆ ನಿಂತೆ. ಎರಡು ತುಂಬಿದ ಪದರ, ಮೇಲೆ ನಾಲ್ಕು ಪೆಟ್ಟಿಗೆ. ಇಪ್ಪತ್ತು.